ನಮಸ್ಕಾರ ಮೊದಲೋ, ಪ್ರಶ್ನೆ ಮೊದಲೋ?

ರಾತ್ರಿ ಎಂಟು ಗಂಟೆ. ದಿನಸಿ ಅಂಗಡಿಯ ಮುಂದೆ ನಿಂತ ಗ್ರಾಹಕರೊಬ್ಬರು ಪಾವತಿ ಆ್ಯಪ್‌ನ ಚಾಟ್ ತೆರೆದು ಟೈಪ್ ಮಾಡುತ್ತಾರೆ: "ಅಂಗಡಿಗೆ 1,850 ಕಳಿಸಿದೆ. ದುಡ್ಡು ಕಟ್ ಆಗಿದೆ. ಅಂಗಡಿಯವರು ಬಂದಿಲ್ಲ ಅಂತಿದ್ದಾರೆ." ಆಚೆ ಕೂತ ಏಜೆಂಟ್ ಇದೇ ಹೊತ್ತಿಗೆ ಇನ್ನೂ ಎರಡು ಚಾಟ್‌ಗಳಿಗೆ ಉತ್ತರಿಸುತ್ತಿದ್ದಾರೆ. ಅವರು ಮೊದಲು ಏನು ಬರೆಯಬೇಕು?

ಆತ್ಮೀಯತೆಯೇ ಮೊದಲು ಎನ್ನುವವರ ಮಾತಿನಲ್ಲಿ ಹುರುಳಿದೆ. ಅಂಗಡಿಯವನ ಎದುರು ಮುಜುಗರಪಡುತ್ತಾ ನಿಂತವರಿಗೆ ಆಚೆ ಒಬ್ಬ ಮನುಷ್ಯ ಇದ್ದಾನೆ ಎಂಬುದು ಮೊದಲು ಗೊತ್ತಾಗಬೇಕು. ನಮ್ಮಲ್ಲಿ ನಮಸ್ಕಾರವಿಲ್ಲದೆ ಮಾತು ಶುರುಮಾಡಿದರೆ ಒರಟುತನ ಎನಿಸುತ್ತದೆ. ಆದರೆ ಸಿದ್ಧಪಾಠದ "ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ನಿಮಗೆ ಹೇಗೆ ಸಹಾಯ ಮಾಡಬಹುದು?" ಎಂಬ ಸಾಲು ಇಲ್ಲಿ ಉಲ್ಟಾ ಹೊಡೆಯುತ್ತದೆ. ಗ್ರಾಹಕರು ಆಗಲೇ ಎಲ್ಲ ಹೇಳಿಯಾಗಿದೆ. ಮತ್ತೆ ಕೇಳಿದರೆ ಓದಿಯೇ ಇಲ್ಲ ಎಂದಾಯಿತು. ಅದೇ ಸಾಲು, ಬರೀ "ಹಲೋ" ಎಂದು ಬರೆದವರಿಗೆ ಸರಿಯಾಗಿಯೇ ಒಪ್ಪುತ್ತದೆ.

ವೇಗದ ಪರ ಇರುವವರಿಗೂ ಕಾರಣವಿದೆ. ಮೊದಲ ಉತ್ತರಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಎಂಬುದನ್ನು ಟೀಮ್ ಲೀಡರ್ ನೋಡುತ್ತಲೇ ಇರುತ್ತಾರೆ. ಉತ್ತರ ತಡವಾದರೆ ಗ್ರಾಹಕರು "ಹಲೋ? ಹಲೋ?" ಎಂದು ಕಳಿಸುತ್ತಾರೆ, ಇಲ್ಲವೇ ಗಾಬರಿಯಲ್ಲಿ ಅದೇ ಹಣವನ್ನು ಇನ್ನೊಮ್ಮೆ ಕಳಿಸಿಬಿಡುತ್ತಾರೆ. ಆದ್ದರಿಂದ ಬೇಗ ಉತ್ತರಿಸುವುದೂ ಒಂದು ಕಾಳಜಿಯೇ. ತೊಡಕಿರುವುದು ಅಳತೆಯಲ್ಲಿ. ಐದೇ ಸೆಕೆಂಡಿಗೆ ತಾನಾಗಿ ಹೋಗುವ ನಮಸ್ಕಾರವನ್ನು ಮೊದಲ ಉತ್ತರವೆಂದು ಲೆಕ್ಕ ಹಿಡಿದರೆ ಅಂಕಿ ಚೆನ್ನಾಗಿ ಕಾಣುತ್ತದೆ. ಗ್ರಾಹಕರು ಮಾತ್ರ ಮುಂದಿನ ನಾಲ್ಕು ನಿಮಿಷ ಅಂಗಡಿಯ ಮುಂದೆಯೇ ನಿಂತಿರುತ್ತಾರೆ. ಎರಡನೇ ಸಂದೇಶಕ್ಕೆ ಹಿಡಿದ ಹೊತ್ತನ್ನು ನೋಡಿದರೆ ಈ ಗುಟ್ಟು ಬಯಲಾಗುತ್ತದೆ.

ಮೂರನೆಯವರು ನೇರ ಪ್ರಶ್ನೆಯವರು: "12 ಅಂಕಿಯ ಯುಟಿಆರ್ ಸಂಖ್ಯೆ ಕಳಿಸಿ." ಕೆಲಸದ ದೃಷ್ಟಿಯಿಂದ ಇದು ತಪ್ಪಲ್ಲ. ಆ ಸಂಖ್ಯೆ ಸಿಕ್ಕರೆ ವ್ಯವಹಾರವನ್ನು ಖಚಿತವಾಗಿ ಹುಡುಕಬಹುದು. ಆದರೆ ಅದು ಯಾರಿಗೂ ಬಾಯಿಪಾಠವಿರುವುದಿಲ್ಲ. ಗ್ರಾಹಕರು ಚಾಟ್ ಬಿಟ್ಟು, ಹಿಂದಿನ ಪಾವತಿಗಳ ಪಟ್ಟಿಗೆ ಹೋಗಿ, ನಕಲಿಸಿಕೊಂಡು ಬರಬೇಕು. ಅಷ್ಟರಲ್ಲಿ ಚಾಟ್ ಕಡಿದುಹೋಗಲೂಬಹುದು. ಏಜೆಂಟಿಗೆ ಪಾವತಿಯ ವಿವರ ತನ್ನ ಪರದೆಯಲ್ಲೇ ಕಾಣುತ್ತಿದ್ದರೆ ಆ ಪ್ರಶ್ನೆಯೇ ಬೇಡ.

ಮೂವರ ಮಾತನ್ನೂ ಇಟ್ಟು ತೂಗಿದರೆ ಸಾಲು ಹೀಗಾಗಬಹುದು: "ನಮಸ್ಕಾರ. 1,850 ರೂಪಾಯಿ ಕಟ್ ಆಗಿದೆ, ಅಂಗಡಿಗೆ ತಲುಪಿಲ್ಲ, ಅಲ್ವಾ? ನೋಡ್ತೀನಿ. ಆ್ಯಪ್‌ನಲ್ಲಿ ಈ ಪಾವತಿಯ ಪಕ್ಕ ಏನು ತೋರಿಸ್ತಿದೆ: Pending, Failed ಅಥವಾ Success?"

ಇಲ್ಲಿ ಆತ್ಮೀಯತೆ ಇರುವುದು ನಮಸ್ಕಾರಕ್ಕಿಂತ ಹೆಚ್ಚಾಗಿ ಆ 1,850ರಲ್ಲಿ. ಪ್ರಶ್ನೆ ಒಂದೇ, ಉತ್ತರ ಒಂದು ಪದ. ಆ ಪದದಿಂದ ದಾರಿ ಮೂರಾಗುತ್ತದೆ. Pending ಆದರೆ ಫಲಿತಾಂಶ ತಿಳಿಯುವ ತನಕ ಮತ್ತೆ ಕಳಿಸಬೇಡಿ ಎನ್ನಬೇಕು. Failed ಆಗಿಯೂ ಹಣ ಕಟ್ ಆಗಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ ಅಂಗಡಿ ಪಾವತಿಯ ಯುಪಿಐ ಹಣ ವ್ಯವಹಾರದ ದಿನದ ನಂತರ 5 ದಿನಗಳೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. Success ಎಂದಿದ್ದರೆ ಹಣ ಯಾರ ಹೆಸರಿಗೆ ಹೋಗಿದೆ ಎಂದು ನೋಡಬೇಕು. ಅಂಗಡಿಯ ಧ್ವನಿಪೆಟ್ಟಿಗೆ ಕೂಗದೇ ಇದ್ದಿರಬಹುದು, ಕ್ಯೂಆರ್ ಬೇರೆಯವರದೂ ಇರಬಹುದು.

ಈ ಸಾಲಿಗೂ ಬೆಲೆಯಿದೆ. ಓದಿ ಬರೆಯಲು ಅರ್ಧ ನಿಮಿಷವಾದರೂ ಬೇಕು. ಮೂರು ಚಾಟ್ ಒಟ್ಟಿಗೆ ಬಂದಾಗ ಅಷ್ಟು ಬಿಡುವು ಸಿಗದು. ಆಗ ನಮಸ್ಕಾರ ಮತ್ತು ಪ್ರಶ್ನೆಯನ್ನು ಸಿದ್ಧವಾಗಿಟ್ಟುಕೊಂಡು, ನಡುವಿನ ಮಾತನ್ನಷ್ಟೇ ಕೈಯಾರೆ ಬರೆಯುವುದು ಒಂದು ಉಪಾಯ. ಸರ್, ಮೇಡಂ ಎಂದು ಊಹಿಸುವ ಗೋಜೂ ಬೇಡ. "ನೀವು" ಎಂದರೆ ಸಾಕು, ಹೆಸರು ಗೊತ್ತಿದ್ದರೆ "ಅವರೇ" ಸೇರಿಸಬಹುದು.

ಎಚ್ಚರವೂ ಒಂದಿದೆ. ಎಷ್ಟೇ ಅವಸರವಿದ್ದರೂ ಮೊದಲ ಸಾಲಿನಲ್ಲಾಗಲಿ ಕೊನೆಯ ಸಾಲಿನಲ್ಲಾಗಲಿ ಪಿನ್, ಒಟಿಪಿ ಕೇಳುವಂತಿಲ್ಲ. ವಂಚಕರ ಚಾಟ್ ಕೂಡ ತುಂಬಾ ಬೇಗ, ತುಂಬಾ ಆತ್ಮೀಯವಾಗಿಯೇ ಶುರುವಾಗುತ್ತದೆ. ಅಲ್ಲಿ ವ್ಯತ್ಯಾಸ ಗೊತ್ತಾಗುವುದು ಏನು ಕೇಳಿದರು ಎಂಬುದರಿಂದ ಮಾತ್ರ.