ಸಂತೆ ಒಂದು, ಸಾಕ್ಷಿ ಒಬ್ಬರದು

ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ಸೀಮೆಯಲ್ಲಿರುವ ಮಾರಂಡಹಳ್ಳಿಯ ಹೆಸರಿನ ಕೊನೆಯಲ್ಲಿ ‘ಹಳ್ಳಿ’ ಇದೆ. ತಮಿಳಿನಲ್ಲಿ ಅದು ‘ಪಳ್ಳಿ’. ಪಕಾರ ಹಕಾರವಾದದ್ದು ಕನ್ನಡದ ಚರಿತ್ರೆಯಲ್ಲಿ. ಆದುದರಿಂದ ಊರಿನ ಹೆಸರು ಒಂದು ಕಾಲದ ಕನ್ನಡವನ್ನು ತನ್ನಲ್ಲಿ ಉಳಿಸಿಕೊಂಡಿದೆ. ತಮಿಳುನಾಡಿನ ಆ ಭಾಗದಲ್ಲಿ ತಮಿಳು, ಕನ್ನಡ, ತೆಲುಗು ಮೂರೂ ಮನೆಮಾತುಗಳು. ಪೇಟೆಗಳಲ್ಲಿ ಮುಸ್ಲಿಂ ಕುಟುಂಬಗಳ ದಖ್ಖನಿ ಉರ್ದುವೂ ಕೇಳಿಬರುತ್ತದೆ. ಇಂತಹ ಊರಿನ ಪ್ರಸ್ತಾಪ ತರಗತಿಯಲ್ಲಿ ಬಂದೊಡನೆ ‘ಇದು ಭಾಷಾ ಸಂಪರ್ಕದ ತವರು’ ಎಂಬ ಮಾತು ಹುಟ್ಟುತ್ತದೆ. ಅನಂತರ ಎರವಲು ಪದಗಳ ಒಂದು ಪಟ್ಟಿ ತಯಾರಾಗುತ್ತದೆ, ಪಾಠ ಮುಗಿಯುತ್ತದೆ. ಪದಗಳು ಸಂತೆಯ ಸಾಮಾನಿನಂತೆ ಕೈಯಿಂದ ಕೈಗೆ ಸುಲಭವಾಗಿ ದಾಟುತ್ತವೆ. ವಾಕ್ಯವನ್ನು ಕಟ್ಟುವ ಬಗೆಯೇ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿದೆಯೇ ಎಂಬುದು ಭಾಷಾವಲಯದ ಪ್ರಶ್ನೆ. ಅದಕ್ಕೆ ಪಟ್ಟಿಯಿಂದ ಉತ್ತರ ಸಿಗುವುದಿಲ್ಲ.

ಒಂದು ಚಿಕ್ಕ ವಾಕ್ಯವನ್ನು ತೆಗೆದುಕೊಳ್ಳಬಹುದು. ‘ನಾಳೆ ಬರುತ್ತೇನೆ ಎಂದು ಹೇಳಿದ.’ ಇಲ್ಲಿ ಆಡಿದ ಮಾತು ಮೊದಲು, ಅದನ್ನು ಮುಚ್ಚುವ ‘ಎಂದು’ ಆಮೇಲೆ, ‘ಹೇಳಿದ’ ಕೊನೆಗೆ. ‘ಎಂದು’ ಎಂಬುದು ‘ಎನ್’ ಧಾತುವಿನ ಭೂತನ್ಯೂನ ರೂಪ. ತಮಿಳಿನಲ್ಲಿ ಇದೇ ಜಾಗದಲ್ಲಿ ‘ಎನ್ರು’ ಬರುತ್ತದೆ. ತೆಲುಗಿನಲ್ಲಿ ‘ಅನಿ’ ಬರುತ್ತದೆ. ಅದೂ ‘ಅನು’, ಅಂದರೆ ಹೇಳು ಎಂಬ ಧಾತುವಿನ ರೂಪವೇ. ದಖ್ಖನಿಯಲ್ಲಿ ಇದನ್ನೇ ‘ಕಲ್ ಆತೂಂ ಬೋಲ್ಕೆ ಬೋಲ್ಯಾ’ ಎನ್ನುತ್ತಾರೆ. ‘ಬೋಲ್ಕೆ’ ಎಂದರೆ ಅಕ್ಷರಶಃ ‘ಹೇಳಿ’. ಹೀಗೆ ನಾಲ್ಕು ಭಾಷೆಗಳೂ ‘ಹೇಳು’ ಎಂಬರ್ಥದ ಧಾತುವಿನ ಒಂದೇ ಬಗೆಯ ರೂಪವನ್ನು ಒಂದೇ ಜಾಗದಲ್ಲಿ ಇಟ್ಟಿವೆ. ಮೇಲ್ನೋಟಕ್ಕೆ ಇದು ಒಂದೇ ಸಂತೆಯಲ್ಲಿ ನಾಲ್ಕು ಭಾಷೆಗಳು ಕೂಡಿ ಬಾಳಿದ ಫಲವೆಂದು ತೋರುತ್ತದೆ.

ಆದರೆ ಈ ನಾಲ್ಕರಲ್ಲಿ ಮೂರರ ಸಾಕ್ಷ್ಯಕ್ಕೆ ಇಲ್ಲಿ ಬೆಲೆಯಿಲ್ಲ. ಕನ್ನಡ, ತಮಿಳು, ತೆಲುಗುಗಳು ಒಂದೇ ವಂಶದವು. ‘ಎಂದು’, ‘ಎನ್ರು’, ‘ಅನಿ’ ಅವುಗಳಿಗೆ ಪೂರ್ವಿಕರಿಂದ ಬಂದ ಆಸ್ತಿ. ಅಕ್ಕತಂಗಿಯರ ಮೂಗು ಒಂದೇ ತೆರನಾಗಿದ್ದರೆ ಒಂದೇ ಕೇರಿಯಲ್ಲಿ ವಾಸವಾಗಿರುವುದು ಅದಕ್ಕೆ ಕಾರಣವೆಂದು ಯಾರೂ ಹೇಳುವುದಿಲ್ಲ. ಸಂಪರ್ಕಕ್ಕೆ ಸಾಕ್ಷಿ ನುಡಿಯಬಲ್ಲವಳು ದಖ್ಖನಿ ಒಬ್ಬಳೇ. ಅವಳ ಉತ್ತರದ ಬಂಧುವಾದ ಶಿಷ್ಟ ಉರ್ದುವಿನಲ್ಲಿ ಇದೇ ವಾಕ್ಯ ‘ಉಸ್‌ನೇ ಕಹಾ ಕಿ ಮೈಂ ಕಲ್ ಆವೂಂಗಾ’ ಎಂದಾಗುತ್ತದೆ. ಅಲ್ಲಿ ‘ಹೇಳಿದ’ ಮೊದಲು, ನಡುವೆ ‘ಕಿ’, ಆಡಿದ ಮಾತು ಕೊನೆಗೆ. ಬಂಧುವಿನಲ್ಲಿಲ್ಲದ ಲಕ್ಷಣ ದಖ್ಖನಿಯಲ್ಲಿದೆ. ಅದೇ ಲಕ್ಷಣ ಅವಳ ಸುತ್ತಲಿನ ಬೇರೆ ವಂಶದ ಭಾಷೆಗಳಲ್ಲೂ ಇದೆ. ಎಂ. ಬಿ. ಎಮೆನೋ 1956ರಲ್ಲಿ ಭಾರತವನ್ನು ಒಂದು ಭಾಷಾವಲಯವೆಂದು ಕರೆದಾಗ ಮುಂದಿಟ್ಟ ಷರತ್ತು ಇದೇ: ಲಕ್ಷಣವು ಒಂದಕ್ಕಿಂತ ಹೆಚ್ಚು ವಂಶದ ಭಾಷೆಗಳಲ್ಲಿರಬೇಕು, ಮತ್ತು ಕನಿಷ್ಠ ಒಂದು ವಂಶದ ಹೊರಗಿನ ಬಂಧುಗಳಲ್ಲಿ ಅದು ಇರಬಾರದು. ಎರಡನೆಯ ಭಾಗವನ್ನು ಮರೆತು ಮೊದಲನೆಯದನ್ನಷ್ಟೇ ಬಾಯಿಪಾಠ ಮಾಡಿದ ಉತ್ತರಪತ್ರಿಕೆಗಳು ಬಹಳ.

ದಖ್ಖನಿಯ ಸಾಕ್ಷ್ಯವೂ ಮಾರಂಡಹಳ್ಳಿಯ ಕುರಿತದ್ದಲ್ಲ ಎಂಬುದು ಇನ್ನೊಂದು ಎಚ್ಚರಿಕೆ. ‘ಬೋಲ್ಕೆ’ ಹೈದರಾಬಾದಿನ ಮಾತಿನಲ್ಲಿಯೂ ಇದೆ. ಆದ್ದರಿಂದ ಈ ಲಕ್ಷಣವನ್ನು ದಖ್ಖನಿ ದಖ್ಖನ್ನಿನಲ್ಲಿ ಬಹು ಹಿಂದೆಯೇ ಪಡೆದು, ದಕ್ಷಿಣಕ್ಕೆ ಬರುವಾಗ ಹೊತ್ತು ತಂದಿರುವ ಸಂಭವವೇ ಹೆಚ್ಚು. ಕೊಟ್ಟದ್ದು ಕನ್ನಡವೋ ತೆಲುಗೋ ಎಂದು ಕೇಳಿದರೆ, ಎರಡರಲ್ಲೂ ಒಂದೇ ರಚನೆ ಇರುವುದರಿಂದ ಈ ಲಕ್ಷಣವೊಂದರಿಂದಲೇ ತೀರ್ಪು ಕೊಡಲಾಗದು. ಕನ್ನಡದ ಅಭಿಮಾನ ಇಂತಹ ಕಡೆ ಬೇಗ ಮುಂದೆ ನುಗ್ಗುತ್ತದೆ. ಅದನ್ನು ಸ್ವಲ್ಪ ಹಿಂದೆ ನಿಲ್ಲಿಸುವುದು ವಿದ್ಯಾರ್ಥಿಗೆ ಒಳ್ಳೆಯದು.

ಕೊಡುಕೊಳ್ಳುವಿಕೆ ಇನ್ನೂ ಸ್ಪಷ್ಟವಾಗಿ ಕಾಣಬೇಕಾದರೆ ಬೇರೆ ವಂಶದ ಭಾಷೆಗಳೆರಡು ಸಮಬಲದಲ್ಲಿ ಬಹುಕಾಲ ಕೂಡಿದ್ದ ಊರು ಬೇಕು. ಅದು ಧರ್ಮಪುರಿಯ ಗಡಿಯಲ್ಲಲ್ಲ, ಕನ್ನಡದ ಇನ್ನೊಂದು ತುದಿಯ ಗಡಿಯಲ್ಲಿ ದೊರೆಯುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಆ ಊರು ಭಾಷಾವಿಜ್ಞಾನದ ಪುಸ್ತಕಗಳಲ್ಲಿ ‘ಕುಪ್ವಾರ್’ ಎಂದು ಹೆಸರಾಗಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅದರ ಕುರಿತ ಲೇಖನವನ್ನು 1971ರಲ್ಲಿ ಪ್ರಕಟಿಸಿದರು. ಆಗ ಅಲ್ಲಿ ಸುಮಾರು 3,000 ಜನ. ಜೈನರ ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ದಲಿತರದು ಮರಾಠಿ. ಕೆಲವು ಮನೆಗಳಲ್ಲಿ ತೆಲುಗು. ಮನೆಯ ಹೊರಗೆ ಎಲ್ಲರಿಗೂ ಒದಗುತ್ತಿದ್ದುದು ಮರಾಠಿ. ಗಂಡಸರಲ್ಲಿ ಹೆಚ್ಚಿನವರು ಎರಡು ಮೂರು ಭಾಷೆಗಳನ್ನು ದಿನವೂ ಆಡುತ್ತಿದ್ದರು.

ಅಲ್ಲಿನ ಮರಾಠಿಯಲ್ಲಿ ಆದ ಒಂದು ಬದಲಾವಣೆಯನ್ನು ನಿಧಾನವಾಗಿ ನೋಡಬೇಕು. ಶಿಷ್ಟ ಮರಾಠಿಯಲ್ಲಿ ಪ್ರತಿಯೊಂದು ನಾಮಪದಕ್ಕೂ ಒಂದು ಲಿಂಗವಿದೆ, ಅರ್ಥದಿಂದ ಅದನ್ನು ಊಹಿಸಲು ಬರುವುದಿಲ್ಲ. ಒಂದೇ ತಟ್ಟೆಯಲ್ಲಿರುವ ಭಾಕರಿ ಸ್ತ್ರೀಲಿಂಗ, ಭಾತ ಎಂಬ ಅನ್ನ ಪುಲ್ಲಿಂಗ, ಪಕ್ಕದ ಲೋಟದಲ್ಲಿರುವ ದೂಧ ನಪುಂಸಕ. ಕನ್ನಡ ಮನೆಯಿಂದ ಮರಾಠಿ ಶಾಲೆಗೆ ಹೋದ ಮಗುವಿಗೆ ಈ ಲೆಕ್ಕ ಎಷ್ಟು ಕಾಡುತ್ತದೆಂಬುದು ಗಡಿಭಾಗದವರಿಗೆ ತಿಳಿದ ಸಂಗತಿ. ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದದ್ದು ಬಹುಮಟ್ಟಿಗೆ ನಪುಂಸಕ, ಅಷ್ಟೇ. ಕುಪ್ವಾರಿನ ಮರಾಠಿ ತನ್ನ ಮೂರು ಲಿಂಗಗಳ ರೂಪಗಳನ್ನು ಹಾಗೆಯೇ ಇಟ್ಟುಕೊಂಡು, ಅವುಗಳನ್ನು ಹಂಚುವ ನಿಯಮವನ್ನು ಮಾತ್ರ ಕನ್ನಡದ್ದನ್ನಾಗಿ ಮಾಡಿಕೊಂಡಿತು. ನದಿ ಶಿಷ್ಟ ಮರಾಠಿಯಲ್ಲಿ ಸ್ತ್ರೀಲಿಂಗ. ಹೊಳೆ ಬಂದಾಗ ‘ನದೀ ಆಲೀ’ ಎನ್ನಬೇಕು. ಕುಪ್ವಾರಿನಲ್ಲಿ ಕ್ರಿಯಾಪದ ನಪುಂಸಕದ ರೂಪ ತಾಳಿತು, ನಮ್ಮ ‘ನದಿ ಬಂತು’ ಎಂಬಂತೆ. ಉರ್ದುವಿಗೆ ನಪುಂಸಕಲಿಂಗವೇ ಇಲ್ಲ. ಅದು ಮನುಷ್ಯರಲ್ಲದ ಎಲ್ಲವನ್ನೂ ಪುಲ್ಲಿಂಗಕ್ಕೆ ಸೇರಿಸಿ ‘ನದೀ ಆಯಾ’ ಎಂದಿತು. ಕೈಯಲ್ಲಿರುವ ಸಾಮಗ್ರಿ ಬೇರೆಬೇರೆ, ಮನೆಯ ನಕ್ಷೆ ಮಾತ್ರ ಒಂದೇ. ಇಲ್ಲಿಯೂ ಬಂಧುಪರೀಕ್ಷೆ ನಿಲ್ಲುತ್ತದೆ: ಪುಣೆಯ ಮರಾಠಿಯಲ್ಲಾಗಲಿ ಲಖನೌದ ಉರ್ದುವಿನಲ್ಲಾಗಲಿ ಈ ಹಂಚಿಕೆ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಕನ್ನಡ ಗೆದ್ದ ಕಥೆಯಂತೆ ಕಾಣುತ್ತದೆ. ಆದರೆ ಅದೇ ಊರಿನ ಕನ್ನಡವೂ ಬಾಗಿದೆ. ‘ಇದು ನಿಮ್ಮ ಮನೆ’ ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದ ಬೇಡ. ತಮಿಳಿನ ‘ಇದು ಉಂಗಳ್ ವೀಡು’ ಎಂಬುದಕ್ಕೂ ಬೇಡ. ಮರಾಠಿಗೆ ಕೊನೆಯಲ್ಲಿ ‘ಆಹೇ’ ಬೇಕು, ಉರ್ದುವಿಗೆ ‘ಹೈ’ ಬೇಕು. ಕುಪ್ವಾರಿನ ಕನ್ನಡ ಅಂತಹ ವಾಕ್ಯದ ಕೊನೆಗೆ ‘ಐತಿ’ಯನ್ನು ತಂದಿಟ್ಟುಕೊಂಡಿತು. ಲಿಂಗದ ವಿಷಯದಲ್ಲಿ ಕೊಟ್ಟ ಭಾಷೆ ಇಲ್ಲಿ ಪಡೆಯಿತು. ಹೀಗೆ ಎಲ್ಲ ಕಡೆಯಿಂದ ಬಾಗಿ ಬಾಗಿ, ‘ಸೊಪ್ಪು ಕೊಯ್ದು ತೆಗೆದುಕೊಂಡು ಬಂದೆ’ ಎಂಬಂತಹ ವಾಕ್ಯ ಮೂರು ಭಾಷೆಗಳಲ್ಲೂ ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಹೊಂದುವ ಸ್ಥಿತಿಗೆ ಬಂತೆಂದು ಗಂಪರ್ಜ್ ಮತ್ತು ವಿಲ್ಸನ್ ತೋರಿಸಿದರು. ಪದಗಳು ಮಾತ್ರ ಬೇರೆಯಾಗಿಯೇ ಉಳಿದವು. ಅವರು ಕೊಟ್ಟ ವಿವರಣೆ ಮನನಯೋಗ್ಯವಾದುದು. ಒಂದೊಂದು ಮನೆಮಾತೂ ಒಂದೊಂದು ಸಮುದಾಯದ ಗುರುತು. ಮನೆಯೊಳಗೆ ಬೇರೆಯಾಗಿ ಕೇಳಿಸುವುದು ಅಗತ್ಯವಾಗಿತ್ತು, ಹೊಲದಲ್ಲಿ ಮತ್ತು ಅಂಗಡಿಯಲ್ಲಿ ಸುಲಭವಾಗಿ ಅದಲುಬದಲಾಗುವುದೂ ಅಗತ್ಯವಾಗಿತ್ತು. ಕಿವಿಗೆ ಬೀಳುವ ಪದ ಗುರುತನ್ನು ಕಾಯ್ದಿತು, ಯಾರೂ ಗಮನಿಸದ ವ್ಯಾಕರಣ ಹೊಂದಿಕೊಂಡಿತು.

ಈ ಚಿತ್ರ ಬಹಳ ನಯವಾಗಿದೆ, ಅನುಮಾನ ಬರುವಷ್ಟು ನಯ. ಸುಮಾರು ನಾಲ್ಕು ದಶಕಗಳ ಬಳಿಕ ಸೋನಲ್ ಕುಲಕರ್ಣಿ-ಜೋಶಿ ಅದೇ ಊರನ್ನು ಮತ್ತೆ ಅಧ್ಯಯನ ಮಾಡಿ, ಪದಕ್ಕೆ ಪದ ಹೊಂದುತ್ತದೆಂಬ ಮಾದರಿಯನ್ನೇ ವಿಮರ್ಶೆಗೆ ಒಳಪಡಿಸಿದರು. ಕ್ಷೇತ್ರಕಾರ್ಯ ಮಾಡಿದವರಿಗೆ ಇಲ್ಲಿನ ಅಪಾಯ ಗೊತ್ತು. ‘ಈ ವಾಕ್ಯವನ್ನು ನಿಮ್ಮ ಭಾಷೆಯಲ್ಲಿ ಹೇಳಿ’ ಎಂದು ಕೇಳಿದರೆ ಎದುರಿನವರು ಕೇಳಿದ ವಾಕ್ಯದ ಅಚ್ಚಿನಲ್ಲಿಯೇ ಉತ್ತರವನ್ನು ಎರಕ ಹೊಯ್ಯುತ್ತಾರೆ. ಸಂಶೋಧಕ ತಾನೇ ಹುಟ್ಟಿಸಿದ ಹೋಲಿಕೆಯನ್ನು ತಾನೇ ಕಂಡುಹಿಡಿಯುತ್ತಾನೆ. ಶಾಲೆ ಓದಿದ ದಖ್ಖನಿ ಮಾತುಗಾರರಲ್ಲಿ ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ. ಅಪರಿಚಿತರ ಮುಂದೆ ‘ಬೋಲ್ಕೆ’ಯನ್ನು ನುಂಗಿ ‘ಕಿ’ ಎನ್ನುತ್ತಾರೆ. ನಂಬಬಹುದಾದದ್ದು ಕೇಳದೆಯೇ ಬಂದ ಮಾತು: ಬೆಲೆ ಚೌಕಾಸಿ, ಮಕ್ಕಳಿಗೆ ಹಾಕುವ ಗದರಿಕೆ, ನಿನ್ನೆ ನಡೆದದ್ದರ ವರದಿ. ‘ಅವನು ಹೀಗೆಂದ, ಇವಳು ಹಾಗೆಂದಳು’ ಎಂಬ ಜಗಳದ ವರದಿಯೊಂದು ಸಿಕ್ಕರೆ ‘ಎಂದು’ವಿನ ಅಧ್ಯಯನಕ್ಕೆ ಅದಕ್ಕಿಂತ ಬೇರೆ ಭಾಗ್ಯ ಬೇಡ.

ಇಷ್ಟು ಹೇಳುವುದಕ್ಕೆ ತರಗತಿಯೊಳಗಿನ ಒಂದು ಕಾರಣವೂ ಇದೆ. ಗಡಿಯ ಊರಿನಿಂದ ಬಂದ ವಿದ್ಯಾರ್ಥಿ ‘ಇದು ನಮ್ಮ ಊರು ಇದೆ’ ಎಂದು ಬರೆದರೆ ಕೊನೆಯ ಪದಕ್ಕೆ ಕೆಂಪು ಗೆರೆ ಬೀಳುತ್ತದೆ, ಪಕ್ಕದಲ್ಲಿ ‘ಅಶುದ್ಧ’ ಎಂಬ ಷರಾ. ಬರಹದ ಕನ್ನಡದಲ್ಲಿ ಆ ‘ಇದೆ’ ಬೇಡವೆಂದು ಕಲಿಸಬೇಕಾದದ್ದು ಸರಿಯೇ. ಆದರೆ ಅದು ಅಜಾಗರೂಕತೆಯ ತಪ್ಪಲ್ಲ. ಕುಪ್ವಾರಿನ ‘ಐತಿ’ ಯಾವ ದಾರಿಯಲ್ಲಿ ಬಂತೋ ಇದೂ ಅದೇ ದಾರಿಯಲ್ಲಿ ಬಂದಿರಬಹುದು. ಧರ್ಮಪುರಿಯ ಕಡೆಯ ವಿದ್ಯಾರ್ಥಿಯ ಕನ್ನಡಕ್ಕೆ ಬೀಳುವ ‘ತಮಿಳಿನ ಪ್ರಭಾವ’ ಎಂಬ ಷರಾ ಇನ್ನೂ ಅವಸರದ್ದು. ತಮಿಳಿನಂತೆ ಕಾಣುವ ಪ್ರಯೋಗ ಸಂಪರ್ಕದಿಂದ ಬಂದಿರಬಹುದು. ಬೆಂಗಳೂರು, ಮೈಸೂರುಗಳ ಕನ್ನಡ ಕಳೆದುಕೊಂಡು ಗಡಿಯ ಕನ್ನಡ ಉಳಿಸಿಕೊಂಡ ಹಳೆಯ ಸೊತ್ತೂ ಆಗಿರಬಹುದು. ಒಂದೇ ವಂಶದ ಭಾಷೆಗಳಲ್ಲಿ ಇವೆರಡನ್ನು ಬೇರ್ಪಡಿಸಲು ಹಳಗನ್ನಡದ ರೂಪವನ್ನು ತೆಗೆದು ನೋಡಬೇಕು. ಆ ರೂಪ ಅಲ್ಲಿದ್ದರೆ ‘ಪ್ರಭಾವ’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಅಲ್ಲಿಲ್ಲದೆ ಸುತ್ತಲಿನ ತಮಿಳಿನಲ್ಲಿ ಮಾತ್ರ ಇದ್ದರೆ ಸಂಪರ್ಕದ ವಾದಕ್ಕೆ ಬಲ ಬರುತ್ತದೆ. ಹಳಗನ್ನಡ ಮತ್ತು ಭಾಷಾವಿಜ್ಞಾನ ಎರಡು ಬೇರೆ ಪತ್ರಿಕೆಗಳೆಂದು ಭಾವಿಸಿ ಓದುವವರಿಗೆ, ಮಾರಂಡಹಳ್ಳಿಯ ಹುಡುಗನ ಒಂದು ವಾಕ್ಯವನ್ನು ತಿದ್ದುವುದಕ್ಕೂ ಅವೆರಡೂ ಒಟ್ಟಿಗೆ ಬೇಕಾಗುತ್ತವೆ.