ನಾಲ್ಕನೆಯ ವಿಷಯ ಯಾವುದು?

ಯಂತ್ರವೇ ಪ್ರೋಗ್ರಾಂ ಬರೆಯತೊಡಗಿರುವಾಗ, ಎಸ್.ಎಸ್.ಎಲ್.ಸಿ. ಮುಗಿಸಿದ ಮಗಳು ಪಿ.ಯು. ವಿಜ್ಞಾನದಲ್ಲಿ ಗಣಕ ವಿಜ್ಞಾನವನ್ನು ಆರಿಸಬೇಕೆ? ತಂದೆತಾಯಿಗಳ ಈ ಸಂದೇಹ ಸಹಜವಾದುದೇ. ಆದರೆ ಕರ್ನಾಟಕದ ಸಿ.ಇ.ಟಿ.ಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಎಣಿಕೆಯಾಗುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳು ಮಾತ್ರ. ನಾಲ್ಕನೆಯ ವಿಷಯ ಬೇರೆಯಾದರೂ ಮುಂದೆ ಗಣಕ ಶಾಖೆಯ ಬಾಗಿಲು ಮುಚ್ಚುವುದಿಲ್ಲ.

ವೈದ್ಯಳಾಗುವ ಆಸೆಯಿದ್ದರೆ ಜೀವಶಾಸ್ತ್ರವೇ ಸರಿ. ಇಲ್ಲವಾದರೆ ಸಂಖ್ಯಾಶಾಸ್ತ್ರ ಮೇಲು. ಅದನ್ನು ಕಲಿಸುವ ಕಾಲೇಜು ಎಲ್ಲ ಊರುಗಳಲ್ಲಿಯೂ ಇಲ್ಲವೆಂಬುದೊಂದೇ ತೊಡಕು. ಕೃತಕ ಬುದ್ಧಿಮತ್ತೆಯ ಮಾತನ್ನು ಎಷ್ಟು ನಂಬಬೇಕೆಂದು ಅಳೆಯುವ ವಿದ್ಯೆ ಅದು. ಒಂದು ಸಾವಿರ ಜನರಲ್ಲಿ 10 ಮಂದಿಗೆ ರೋಗವಿದೆಯೆನ್ನೋಣ. ಎಕ್ಸ್‌-ರೇ ಚಿತ್ರಗಳನ್ನು ಪರೀಕ್ಷಿಸುವ ಯಂತ್ರವೊಂದು ರೋಗಿಗಳ ವಿಷಯದಲ್ಲಿಯೂ ಆರೋಗ್ಯವಂತರ ವಿಷಯದಲ್ಲಿಯೂ ನೂರಕ್ಕೆ 90ರಷ್ಟು ಸರಿಯಾಗಿಯೇ ಹೇಳುತ್ತದೆ. ಅದು 9 ಮಂದಿ ರೋಗಿಗಳನ್ನು ಗುರುತಿಸುವುದೇನೋ ನಿಜ. ಆದರೆ ಆರೋಗ್ಯವಂತರಾದ 990 ಮಂದಿಯಲ್ಲಿ 99 ಮಂದಿಯನ್ನೂ ರೋಗಿಗಳೆಂದೇ ಬಗೆಯುತ್ತದೆ. ಹೀಗೆ ಯಂತ್ರವು ಬೊಟ್ಟುಮಾಡಿದ 108 ಮಂದಿಯಲ್ಲಿ ನಿಜವಾದ ರೋಗಿಗಳು ಒಂಬತ್ತೇ! ಈ ಲೆಕ್ಕ ಸಂಭವನೀಯತೆಯ ಪಾಠದಲ್ಲಿ ಬರುತ್ತದೆ.

ಪ್ರೋಗ್ರಾಂ ರಚನೆಯನ್ನು ಎಂಜಿನಿಯರಿಂಗಿನ ಮೊದಲ ವರ್ಷದಲ್ಲಿ ಹೇಗೂ ಓನಾಮದಿಂದಲೇ ಕಲಿಸುತ್ತಾರೆ.