ಸಮಯಕ್ಕೆ ಮೂರು ಅಕ್ಷರ

ನಿವೃತ್ತರಾದವರು ಬೆಳಗಿನ ಪತ್ರಿಕೆಯನ್ನು ಕೈಗೆತ್ತಿಕೊಂಡೊಡನೆ ಪದಬಂಧದ ಪುಟವನ್ನು ಅರಸುವುದು ಅನೇಕ ಮನೆಗಳಲ್ಲಿ ಕಾಣುವ ನೋಟ. ಅಂಥವರನ್ನು ವಾರಕ್ಕೊಮ್ಮೆ ಊರ ಗ್ರಂಥಾಲಯದ ಮೇಜಿನ ಸುತ್ತ ಕೂಡಿಸುವುದು ಕಷ್ಟವಲ್ಲ. ಬೆಳ್ಳಾವಿಯಂಥ ಊರಿನಲ್ಲಿ ಎಂಟು ಹತ್ತು ಮಂದಿ ಸುಲಭವಾಗಿ ದೊರೆತಾರು. ಕಷ್ಟವಿರುವುದು ಎರಡನೆಯ ವಾರದಲ್ಲಿ. ಮೂವತ್ತು ವರ್ಷ ಕನ್ನಡ ಕಲಿಸಿದ ಮೇಷ್ಟರು ಗಳಿಗೆಯೊಳಗೆ ಚೌಕಗಳನ್ನೆಲ್ಲ ತುಂಬಿ ಉತ್ತರಗಳನ್ನು ಗಟ್ಟಿಯಾಗಿ ಹೇಳಿಬಿಟ್ಟರೆ, ಪಕ್ಕದಲ್ಲಿ ಪೆನ್ಸಿಲು ಹಿಡಿದು ಕುಳಿತಿದ್ದ ನಿವೃತ್ತ ರೈಲ್ವೆ ನೌಕರರು ಮತ್ತೆ ಬರುವುದಿಲ್ಲ. ಏಕೆಂದು ಕೇಳಿದರೆ ಮೊಣಕಾಲು ನೋವೆನ್ನುತ್ತಾರೆ.

ಆದುದರಿಂದ ಮೆಟ್ಟಿಲುಗಳು ಬೇಕು. ಆದರೆ ಬಲ್ಲವರಿಗೊಂದು ಪದಬಂಧ, ಬಾರದವರಿಗೊಂದು ಪದಬಂಧ ಎಂದು ಹಂಚಿದರೆ ಮೇಜು ಎರಡಾಗುತ್ತದೆ. ಇದಕ್ಕೊಂದು ಉಪಾಯವುಂಟು. ಎಲ್ಲರಿಗೂ ಒಂದೇ ಚೌಕ, ಅವೇ ಉತ್ತರಗಳು. ಸುಳುಹುಗಳು ಮಾತ್ರ ಮೂರು ಬಗೆ. ಮೂರು ಹಾಳೆಗಳಿಗೆ ಅಂಗಳ, ಪಡಸಾಲೆ, ಮಹಡಿ ಎಂದು ಹೆಸರಿಡಬಹುದು. ಯಾರಿಗೆ ಯಾವುದು ಬೇಕೋ ಅವರೇ ಎತ್ತಿಕೊಳ್ಳಲಿ.

ಉತ್ತರ ‘ಸಮಯ’ ಎಂದಿಟ್ಟುಕೊಳ್ಳೋಣ. ಅಂಗಳದ ಹಾಳೆಯಲ್ಲಿ ‘ವೇಳೆ (3)’ ಎಂದಿದ್ದರೆ ಸಾಕು. ಪಡಸಾಲೆಯಲ್ಲಿ ‘ಇದನ್ನು ಸಾಧಿಸುವವನನ್ನು ನಂಬಬಾರದು (3)’ ಎಂದಿರಲಿ, ಸಮಯಸಾಧಕನ ನೆನಪಾಗಬೇಕು. ಮಹಡಿಯಲ್ಲಿ ‘ಸತ್ಯವಾನನ ತಲೆಯ ಬಳಿಯಿಂದ ಯಮ ಹಿಂದಿರುಗಿದ, ದೊರೆತದ್ದು ವೇಳೆ (3)’. ಸತ್ಯವಾನನ ತಲೆಯೆಂದರೆ ಮೊದಲಕ್ಷರ ‘ಸ’, ‘ಯಮ’ ಹಿಂದಿರುಗಿದರೆ ‘ಮಯ’, ಕೂಡಿದರೆ ಸಮಯ. ಕಠಿಣ ಸುಳುಹಿನಲ್ಲಿಯೂ ಅರ್ಥ ಒಂದು ತುದಿಯಲ್ಲಿ ನೇರವಾಗಿ ಇರಲೇಬೇಕು. ಇಲ್ಲವಾದರೆ ಅದು ಒಗಟಲ್ಲ, ಮೋಸ.

ರಚಿಸುವವರು ಎಚ್ಚರ ವಹಿಸಬೇಕಾದ ಸಂಗತಿ ಕನ್ನಡ ಲಿಪಿಯಲ್ಲಿಯೇ ಇದೆ. ಇಲ್ಲಿ ಒಂದು ಮನೆಗೆ ಒಂದು ಪೂರ್ಣಾಕ್ಷರ, ಗುಣಿತ ಒತ್ತುಗಳ ಸಮೇತ. ‘ಸಮಯ’ವೂ ‘ಸುಲೋಚನ’ವೂ ಮೊದಲ ಮನೆಯನ್ನು ಹಂಚಿಕೊಳ್ಳಲಾರವು, ‘ಸ’ ಬೇರೆ, ‘ಸು’ ಬೇರೆ. ‘ಸುಲೋಚನ’ದಲ್ಲಿ ಇನ್ನೊಂದು ತೊಡಕೂ ಉಂಟು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ, 1934ರಲ್ಲಿ ತೆರೆಕಂಡ ವಾಕ್ಚಿತ್ರ ‘ಸತಿ ಸುಲೋಚನ’. ಆ ಊರಿನವರಿಗೆ ಇದಕ್ಕಿಂತ ಪ್ರಿಯವಾದ ಸುಳುಹು ಬೇರೆ ಬೇಕಿಲ್ಲ. ಆದರೆ ಕೊನೆಯ ಅಕ್ಷರ ‘ನ’ವೋ ‘ನಾ’ವೋ? ಎರಡು ಬಗೆಯ ಬರಹವೂ ರೂಢಿಯಲ್ಲಿದೆ. ಆ ಮನೆಯಿಂದ ಕೆಳಕ್ಕೆ ‘ನಗರ’ ಇಳಿದರೆ ‘ನ’ ಸ್ಥಿರವಾಗುತ್ತದೆ. ‘ನಾಟಕ’ ಇಳಿದರೆ ‘ನಾ’. ಸಂಶಯಕ್ಕೆಡೆಯಿರುವ ಅಕ್ಷರವನ್ನು ಮತ್ತೊಂದು ಪದ ಹಾದುಹೋಗಲೇಬೇಕೆಂಬ ನಿಯಮವಿದ್ದರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಚಿಕ್ಕ ಪದ ಸುಲಭವೆಂಬ ನಂಬಿಕೆಯೂ ಸರಿಯಲ್ಲ. ‘ಮ’ ಎಂದು ತೊಡಗುವ ಎರಡಕ್ಷರದ ಪದ ಮರವಾಗಬಹುದು, ಮನೆಯಾಗಬಹುದು, ಮಳೆಯೂ ಮಗುವೂ ಆಗಬಹುದು. ನಾಲ್ಕಕ್ಷರದ ಪದದಲ್ಲಿ ಎರಡು ಮನೆ ತುಂಬಿದರೆ ಉಳಿದುದು ತಾನೇ ಹೊಳೆಯುತ್ತದೆ. ಅಂಗಳದ ಹಾಳೆಯವರು ತಡವರಿಸುವುದು ಬಹುಮಟ್ಟಿಗೆ ಎರಡಕ್ಷರದ ಪದಗಳಲ್ಲಿಯೇ. ಅಂಥವನ್ನು ಕಡಿಮೆ ಮಾಡಬೇಕು. ಒತ್ತಕ್ಷರಗಳಿಗೆ ಎಡೆಯಿರುವಂತೆ ಮನೆಗಳೂ ದೊಡ್ಡದಾಗಿರಲಿ. ಅಳಿಸಿ ಬರೆಯಲು ಪೆನ್ಸಿಲೇ ಲೇಸು.

ಕೂಟಕ್ಕೆ ಒಂದೂವರೆ ಗಂಟೆ ಸಾಕು. ಮೊದಲ ಅರ್ಧ ಗಂಟೆ ಮೌನ. ಮೇಷ್ಟರಿಗೂ ಇದು ಅನ್ವಯ. ಅನಂತರ ಇಪ್ಪತ್ತು ನಿಮಿಷ ಬೇರೆ ಬೇರೆ ಹಾಳೆಯವರು ಇಬ್ಬಿಬ್ಬರಾಗಿ ಕುಳಿತು ಕೂಡಿಸಿ ನೋಡಲಿ. ಕೊನೆಗೆ ಕರಿಹಲಗೆ. ಅಲ್ಲಿ ಉತ್ತರ ಹೇಳುವ ಹಕ್ಕು ಅಂಗಳದವರದು. ಆ ಉತ್ತರ ಹೇಗೆ ಬಂತೆಂದು ಬಿಡಿಸಿ ಹೇಳುವ ಹೊಣೆ ಮಹಡಿಯವರದು. ಮಹಡಿಯ ಹಾಳೆ ಹಿಡಿದವರೆಲ್ಲ ಒಂದೇ ಸುಳುಹಿನಲ್ಲಿ ಸೋತಿದ್ದರೆ ತಪ್ಪು ಅವರದಲ್ಲ, ಸುಳುಹಿನದು. ಮುಂದಿನ ವಾರದ ರಚಕರು ಅದನ್ನು ಗುರುತಿಟ್ಟುಕೊಳ್ಳಲಿ. ಹಾಳೆ ಹಂಚುವ ಮುನ್ನ ಉತ್ತರ ತಿಳಿಯದ ಒಬ್ಬರಿಂದ ಬಿಡಿಸಿ ನೋಡಿಸುವುದೂ ಅವಶ್ಯ.

ಹೀಗೆ ನಡೆದರೆ ರೈಲ್ವೆ ನೌಕರರು ಎದ್ದು ನಿಂತು ‘ಸಮಯ’ ಎನ್ನುತ್ತಾರೆ. ಆ ಮೂರಕ್ಷರದಲ್ಲಿ ಸತ್ಯವಾನನೂ ಯಮನೂ ಎಲ್ಲಿ ಅಡಗಿದ್ದರೆಂದು ಮೇಷ್ಟರು ಹಲಗೆಯ ಮೇಲೆ ಬರೆದು ತೋರಿಸುತ್ತಾರೆ. ಕೆಲವು ವಾರಗಳ ಮೇಲೆ ನೌಕರರ ಕೈ ತಾನಾಗಿ ಪಡಸಾಲೆಯ ಹಾಳೆಯತ್ತ ಚಾಚುತ್ತದೆ. ಮೊಣಕಾಲಿನ ನೋವಿನ ಮಾತನ್ನು ಅಷ್ಟರಲ್ಲಿ ಯಾರೂ ಎತ್ತುವುದಿಲ್ಲ.